ಖಾತೆ ಸಂಖ್ಯೆ ಕೊಡದೆ ಹಣ ಪಡೆಯುವ ಬಗೆ

ಹತ್ತು ಹನ್ನೆರಡು ವರ್ಷಗಳ ಹಿಂದೆ ದೂರದ ಊರಿನಿಂದ ಯಾರಾದರೂ ನಮಗೆ ಹಣ ಕಳಿಸಬೇಕಿದ್ದರೆ ಅವರಿಗೆ ಒಂದು ಪುಟ್ಟ ಪಟ್ಟಿಯನ್ನೇ ಬರೆದು ಕೊಡಬೇಕಿತ್ತು. ಪಾಸ್‌ಬುಕ್ಕಿನಲ್ಲಿರುವ ಹೆಸರು, ಖಾತೆ ಸಂಖ್ಯೆ, ಬ್ಯಾಂಕು, ಶಾಖೆ, ಜೊತೆಗೆ ಹನ್ನೊಂದು ಅಕ್ಷರಗಳ ಐಎಫ್‌ಎಸ್‌ಸಿ. ಆ ಹನ್ನೊಂದರಲ್ಲಿ ಮೊದಲ ನಾಲ್ಕು ಬ್ಯಾಂಕನ್ನು ಹೇಳಿದರೆ ಕೊನೆಯ ಆರು ಶಾಖೆಯನ್ನು ಹೇಳುತ್ತವೆ. ಶಾಖೆ ತಿಳಿದರೆ ನಾವು ಯಾವ ಊರಿನವರು, ಬಹುಮಟ್ಟಿಗೆ ಯಾವ ಬಡಾವಣೆಯವರು ಎಂಬುದೂ ತಿಳಿಯುತ್ತದೆ. ಒಮ್ಮೆ ಬರೆದುಕೊಟ್ಟ ಆ ವಿವರ ಕಳಿಸಿದವರ ಫೋನಿನಲ್ಲಿ ಉಳಿಯುತ್ತಿತ್ತು, ಅಲ್ಲಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು. ಖಾತೆ ಸಂಖ್ಯೆಯನ್ನು ಬೇಕೆಂದಾಗ ಬದಲಿಸಿಕೊಳ್ಳಲು ಬರುವುದಿಲ್ಲವಾದ್ದರಿಂದ ಕೈಬಿಟ್ಟುಹೋದದ್ದು ಹೋದಂತೆಯೇ.

ಖಾತೆ ಸಂಖ್ಯೆಯೊಂದು ಗೊತ್ತಾದ ಮಾತ್ರಕ್ಕೆ ಯಾರೂ ನಮ್ಮ ಹಣವನ್ನು ತೆಗೆಯಲಾರರು, ನಿಜ. ಅಪಾಯ ಬೇರೆ ಕಡೆ ಇದೆ. "ನಿಮ್ಮ ಇಂಥ ಬ್ಯಾಂಕಿನ ಇಂಥ ಶಾಖೆಯಿಂದ ಮಾತನಾಡುತ್ತಿದ್ದೇನೆ, ನಿಮ್ಮ ಖಾತೆಯ ಕೊನೆಯ ನಾಲ್ಕು ಅಂಕಿ ಇಷ್ಟು" ಎಂದು ಫೋನಿನಲ್ಲಿ ಒಬ್ಬ ಹೇಳಿದರೆ ಕೇಳುವವರು ಅರ್ಧ ನಂಬಿಬಿಡುತ್ತಾರೆ. ವಂಚಕನಿಗೆ ಬೇಕಾದದ್ದು ಆ ಅರ್ಧ ನಂಬಿಕೆ. ಅಪರಿಚಿತರಿಂದ ದಿನವೂ ಹಣ ಪಡೆಯಬೇಕಾದ ಸಣ್ಣ ವ್ಯಾಪಾರಿಗಳಿಗೆ, ಮನೆಪಾಠ ಹೇಳುವವರಿಗೆ, ಹೊಲಿಗೆ ಹಾಕುವವರಿಗೆ ಇದು ಸಣ್ಣ ತೊಂದರೆಯೇನಲ್ಲ.

2016ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯುಪಿಐಯನ್ನು ಪ್ರಾಯೋಗಿಕವಾಗಿ ಶುರುಮಾಡಿತು. ಆ ಹೊತ್ತಿಗೆ ಐಎಂಪಿಎಸ್ ಬಂದು ಐದು ವರ್ಷ ದಾಟಿತ್ತು, ಕ್ಷಣದಲ್ಲಿ ಹಣ ಕಳಿಸುವುದು ಹೊಸದಾಗಿ ಉಳಿದಿರಲಿಲ್ಲ. ಯುಪಿಐ ತಂದ ಮುಖ್ಯ ಬದಲಾವಣೆ ಎಂದು ನಾನು ಎಣಿಸುವುದು ವಿಳಾಸವನ್ನು. ಖಾತೆ ಸಂಖ್ಯೆಯ ಜಾಗದಲ್ಲಿ ನಿಲ್ಲುವ ಈ ವಿಳಾಸಕ್ಕೆ ನಿಗಮದ ಕಾಗದಪತ್ರಗಳಲ್ಲಿ ವರ್ಚುವಲ್ ಪೇಮೆಂಟ್ ಅಡ್ರೆಸ್ ಎಂದು ಹೆಸರು. ನಾವೆಲ್ಲ ಅದನ್ನು ಯುಪಿಐ ಐಡಿ ಎನ್ನುತ್ತೇವೆ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಧಾರವಾಡದಲ್ಲಿ ಮನೆಯಲ್ಲೇ ಶೇಂಗಾ ಹೋಳಿಗೆ ಮಾಡಿ, ವಾಟ್ಸಾಪ್‌ನಲ್ಲಿ ಬೇಡಿಕೆ ಹಿಡಿದು, ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸುವ ಒಬ್ಬ ಮಹಿಳೆ ಇದ್ದಾರೆ ಎಂದುಕೊಳ್ಳಿ. ಅವರ ಉಳಿತಾಯ ಖಾತೆ ಇರುವುದು ಗ್ರಾಮೀಣ ಬ್ಯಾಂಕಿನಲ್ಲಿ. ಬೆಂಗಳೂರಿನ ಗ್ರಾಹಕರೊಬ್ಬರು 640 ರೂಪಾಯಿ ಕಳಿಸಬೇಕಿದೆ, ಅವರ ಖಾತೆ ಸ್ಟೇಟ್ ಬ್ಯಾಂಕಿನಲ್ಲಿದೆ. ಹೋಳಿಗೆ ಮಾಡುವವರು ಕೊಟ್ಟ ವಿಳಾಸ `shenga.holige@xyz`. ಇಲ್ಲಿ `@xyz` ಎಂಬುದು ಉದಾಹರಣೆಗೆಂದು ಹುಟ್ಟಿಸಿದ್ದು, ಹಾಗೊಂದು ನಿಜವಾಗಿ ಇಲ್ಲ.

`@` ಗುರುತಿನ ಎಡಗಡೆಯ ಭಾಗವನ್ನು ಅವರೇ ಆರಿಸಿಕೊಂಡಿದ್ದಾರೆ. ಬಲಗಡೆಯದು ಅವರ ಕೈಯಲ್ಲಿಲ್ಲ, ಅದು ಒಂದು ಬ್ಯಾಂಕಿಗೆ ಸೇರಿದ ಗುರುತು. ಫೋನ್‌ಪೇ, ಗೂಗಲ್ ಪೇ ಮುಂತಾದ ಆ್ಯಪ್‌ಗಳು ಬ್ಯಾಂಕುಗಳಲ್ಲ, ಯುಪಿಐ ಜಾಲಕ್ಕೆ ಅವು ತಾವಾಗಿಯೇ ಸೇರಿಕೊಳ್ಳುವಂತಿಲ್ಲ. ಒಂದಲ್ಲ ಒಂದು ಬ್ಯಾಂಕಿನ ಬಾಗಿಲಿನಿಂದಲೇ ಒಳಗೆ ಬರಬೇಕು. `@ybl` ಎಂದಿದ್ದರೆ ಆ ಬಾಗಿಲು ಯೆಸ್ ಬ್ಯಾಂಕಿನದು, `@okaxis` ಎಂದಿದ್ದರೆ ಆಕ್ಸಿಸ್ ಬ್ಯಾಂಕಿನದು. ಬಹಳ ಜನ ಇಲ್ಲಿ ತಪ್ಪು ತಿಳಿಯುತ್ತಾರೆ. `@okaxis` ಎಂದು ಕಂಡ ಕೂಡಲೇ ಆ ವ್ಯಕ್ತಿಯ ಖಾತೆ ಆಕ್ಸಿಸ್ ಬ್ಯಾಂಕಿನಲ್ಲಿದೆ ಎಂದುಕೊಳ್ಳುತ್ತಾರೆ. ಖಾತೆ ಎಲ್ಲಿ ಬೇಕಾದರೂ ಇರಬಹುದು. ನಮ್ಮ ಹೋಳಿಗೆಯವರ ವಿಳಾಸವನ್ನು ಕಾಯುವ ಬ್ಯಾಂಕು ಒಂದು, ಹಣ ಇಟ್ಟುಕೊಳ್ಳುವ ಬ್ಯಾಂಕು ಇನ್ನೊಂದು. ಹೀಗಾಗಿ ವಿಳಾಸ ನೋಡಿದವರಿಗೆ ಖಾತೆ ಸಂಖ್ಯೆಯಂತೂ ಇರಲಿ, ಬ್ಯಾಂಕು ಯಾವುದೆಂದು ಕೂಡ ತಿಳಿಯುವುದಿಲ್ಲ.

ಈ ಎರಡರ ನಡುವಿನ ಗಂಟು ಬಿದ್ದದ್ದು ಅವರು ಮೊದಲ ಸಲ ಆ್ಯಪ್ ಹಾಕಿಕೊಂಡ ದಿನ. ಆ ದಿನ ಅವರ ಫೋನಿನಿಂದ ತಾನಾಗಿ ಒಂದು ಎಸ್ಎಂಎಸ್ ಹೋಗಿತ್ತು. ಅದರಿಂದ ಈ ಸಿಮ್ ಈ ಫೋನಿನಲ್ಲೇ ಇದೆ ಎಂದು ವಿಳಾಸದ ಬ್ಯಾಂಕಿಗೆ ಖಾತ್ರಿಯಾಯಿತು. ಅವರು ತಮ್ಮ ಬ್ಯಾಂಕನ್ನು ಆರಿಸಿದಾಗ ಆ ಮೊಬೈಲ್ ಸಂಖ್ಯೆಗೆ ಜೋಡಿಸಿದ ಖಾತೆ ಯಾವುದೆಂದು ಗ್ರಾಮೀಣ ಬ್ಯಾಂಕು ತಿಳಿಸಿತು. ಅಲ್ಲಿಂದ ಮುಂದೆ ವಿಳಾಸದ ಬ್ಯಾಂಕಿನ ದಾಖಲೆಯಲ್ಲಿ ಒಂದು ಸಾಲು ಉಳಿಯಿತು: ಈ ವಿಳಾಸಕ್ಕೆ ಬಂದದ್ದು ಈ ಐಎಫ್‌ಎಸ್‌ಸಿಯ ಈ ಖಾತೆಗೆ. ಇಡೀ ಏರ್ಪಾಡಿನ ಗುಟ್ಟು ಆ ಒಂದು ಸಾಲಿನಲ್ಲಿದೆ. ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಸಂಖ್ಯೆ ತೆಗೆದುಕೊಂಡವರ ಮನೆ ಎಲ್ಲಿದೆಯೆಂದು ಕಾಗದ ಬರೆದವರಿಗೆ ತಿಳಿಯಬೇಕಿಲ್ಲ, ಕಚೇರಿಗೆ ತಿಳಿದಿದ್ದರೆ ಸಾಕು. ಇದೂ ಹಾಗೆಯೇ.

ಈಗ ಬೆಂಗಳೂರಿನವರು ತಮ್ಮ ಆ್ಯಪ್‌ನಲ್ಲಿ ವಿಳಾಸ ಬರೆಯುತ್ತಾರೆ. ಹಣ ಇನ್ನೂ ಹೊರಟಿಲ್ಲ, ಅಷ್ಟರಲ್ಲೇ ಒಂದು ವಿಚಾರಣೆ ಹೋಗಿಬರುತ್ತದೆ. ಗ್ರಾಹಕರ ಆ್ಯಪ್ ಪಾವತಿ ನಿಗಮದ ಕೇಂದ್ರವನ್ನು ಕೇಳುತ್ತದೆ, ಕೇಂದ್ರವು `@` ಗುರುತಿನ ಬಲಭಾಗ ನೋಡಿ ಸಂಬಂಧಪಟ್ಟ ಬ್ಯಾಂಕನ್ನು ಕೇಳುತ್ತದೆ: ಇಂಥ ವಿಳಾಸ ಉಂಟೇ, ಯಾರ ಹೆಸರಿನಲ್ಲಿದೆ? ಉತ್ತರವಾಗಿ ಹೆಸರು ಬರುತ್ತದೆ. ಗ್ರಾಹಕರ ಪರದೆಯ ಮೇಲೆ ಆ ಹೆಸರು ಮೂಡುತ್ತದೆ, ಖಾತೆ ಸಂಖ್ಯೆ ಮೂಡುವುದಿಲ್ಲ.

ಗ್ರಾಹಕರು ಹೆಸರು ನೋಡಿ, 640 ಎಂದು ಬರೆದು, ತಮ್ಮ ಪಿನ್ ಒತ್ತುತ್ತಾರೆ. ಆ ಪಿನ್ ಫೋನಿನಲ್ಲೇ ಗೂಢಲಿಪಿಯಾಗಿ ಹೊರಡುತ್ತದೆ, ಅದು ಸರಿಯೇ ಎಂದು ನೋಡುವುದು ಅವರ ಸ್ಟೇಟ್ ಬ್ಯಾಂಕು ಮಾತ್ರ. ಸೂಚನೆ ಕೇಂದ್ರಕ್ಕೆ ಮುಟ್ಟಿದ ಮೇಲೆ ಕೇಂದ್ರವು ವಿಳಾಸದ ಬ್ಯಾಂಕಿಗೆ ಎರಡನೆಯ ಪ್ರಶ್ನೆ ಹಾಕುತ್ತದೆ: ಈ ವಿಳಾಸದ ಹಿಂದಿರುವ ಖಾತೆ ಯಾವುದು? ಈ ಸಲ ಉತ್ತರದಲ್ಲಿ ಖಾತೆ ಸಂಖ್ಯೆಯೂ ಐಎಫ್‌ಎಸ್‌ಸಿಯೂ ಇರುತ್ತವೆ. ಆದರೆ ಆ ಉತ್ತರ ಬರುವುದು ಕೇಂದ್ರಕ್ಕೆ, ಗ್ರಾಹಕರ ಫೋನಿಗಲ್ಲ. ಕೇಂದ್ರವು ಮೊದಲು ಸ್ಟೇಟ್ ಬ್ಯಾಂಕಿಗೆ 640 ರೂಪಾಯಿ ಕಡಿತ ಮಾಡಲು ಹೇಳುತ್ತದೆ. ಕಡಿತವಾಯಿತೆಂಬ ಮಾತು ಬಂದ ಮೇಲೆ ಗ್ರಾಮೀಣ ಬ್ಯಾಂಕಿಗೆ ಜಮೆ ಮಾಡಲು ಹೇಳುತ್ತದೆ. ಎರಡೂ ಮುಗಿದ ಮೇಲೆ ಎರಡೂ ಕಡೆಯ ಆ್ಯಪ್‌ಗಳಿಗೆ ಸುದ್ದಿ ಹೋಗುತ್ತದೆ. ಇಷ್ಟೂ ಓಡಾಟ ಕೆಲವೇ ಸೆಕೆಂಡುಗಳದು. ಖಾತೆ ಸಂಖ್ಯೆ ಓಡಾಡಿದ್ದು ಬ್ಯಾಂಕುಗಳ ಮತ್ತು ಕೇಂದ್ರದ ನಡುವಿನ ದಾರಿಯಲ್ಲಿ. ಹಣ ಕೊಟ್ಟವರು ಆ ದಾರಿಯಲ್ಲಿ ಎಲ್ಲಿಯೂ ನಿಂತಿಲ್ಲ.

ಗ್ರಾಹಕರು ತಮ್ಮ ಬ್ಯಾಂಕಿನಿಂದ ಲೆಕ್ಕದ ಪಟ್ಟಿ ತೆಗೆಸಿ ನೋಡಿದರೂ ಸಿಗುವುದು ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆ, ಹೆಸರು, ವಿಳಾಸ. ಕೆಲವು ಬ್ಯಾಂಕುಗಳ ಪಟ್ಟಿಯಲ್ಲಿ ಹಣ ಪಡೆದವರ ಬ್ಯಾಂಕಿನ ನಾಲ್ಕಕ್ಷರದ ಗುರುತೂ ಸೇರಿಕೊಂಡಿರುತ್ತದೆ. ಬ್ಯಾಂಕಿನ ಹೆಸರು ಅಲ್ಲಿ ಸೋರಬಹುದು, ಖಾತೆ ಸಂಖ್ಯೆ ಮಾತ್ರ ಇರುವುದಿಲ್ಲ. ಇದಕ್ಕೊಂದು ಹೊರತು ಇದೆ. ಯುಪಿಐ ಆ್ಯಪ್‌ನಲ್ಲೇ "ಬ್ಯಾಂಕ್ ಖಾತೆಗೆ ಕಳಿಸಿ" ಎಂಬ ಆಯ್ಕೆ ಹಿಡಿದರೆ ಆಗ ಖಾತೆ ಸಂಖ್ಯೆಯನ್ನೂ ಐಎಫ್‌ಎಸ್‌ಸಿಯನ್ನೂ ಸೇರಿಸಿದ, `.ifsc.npci` ಎಂದು ಕೊನೆಯಾಗುವ ಉದ್ದನೆಯ ವಿಳಾಸವೊಂದನ್ನು ಒಳಗೇ ಕಟ್ಟಿಕೊಳ್ಳಲಾಗುತ್ತದೆ. ನೋಡಲು ಅದೂ ಯುಪಿಐ ವಿಳಾಸದಂತೆಯೇ ಇದ್ದರೂ ಅದರಲ್ಲಿ ಮರೆಯಾದದ್ದು ಏನೂ ಇಲ್ಲ.

ಖಾತೆ ಸಂಖ್ಯೆಯನ್ನು ಮುಚ್ಚಿಟ್ಟ ಈ ವಿಳಾಸ ಹೆಸರನ್ನು ಏಕೆ ಹೇಳಿಬಿಡುತ್ತದೆ? ಅದನ್ನೂ ಮುಚ್ಚಿದರೆ ಹಣ ಕೊಡುವವರು ಕುರುಡಾಗಿ ಕೊಡಬೇಕಾಗುತ್ತದೆ. ಎನ್‌ಇಎಫ್‌ಟಿಯಲ್ಲಿ ಬಹುಕಾಲ ಹಾಗೆಯೇ ಇತ್ತು. ಅಲ್ಲಿ ಖಾತೆ ಸಂಖ್ಯೆಯೊಂದನ್ನೇ ನೋಡಿ ಜಮೆ ಮಾಡುತ್ತಿದ್ದರು, ಒಂದು ಅಂಕಿ ತಪ್ಪಿದರೆ ಹಣ ಬೇರೆಯವರ ಪಾಲು. ಕಳಿಸುವ ಮೊದಲು ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ಹೇಳಿದ ಮೇಲಷ್ಟೇ ಅಲ್ಲಿಗೂ ಅದು ಬಂದದ್ದು. ಯುಪಿಐಯಲ್ಲಿ ಹೆಸರು ಕಾಣುವುದು ಕೊಡುವವರಿಗೆ ಇರುವ ಒಂದೇ ಭದ್ರತೆ. ಹೋಳಿಗೆಯವರು ಇದನ್ನು ತಿಳಿದಿರಬೇಕು. ತಮ್ಮ ಸ್ವಂತ ಉಳಿತಾಯ ಖಾತೆಗೆ ವಿಳಾಸ ಕಟ್ಟಿಕೊಂಡಿದ್ದರೆ, ವಾಟ್ಸಾಪ್‌ನಲ್ಲಿ ಅಂಗಡಿಯ ಹೆಸರು ಏನೇ ಇರಲಿ, ವಿಳಾಸ ಬರೆದ ಪ್ರತಿಯೊಬ್ಬರಿಗೂ ಬ್ಯಾಂಕಿನಲ್ಲಿರುವ ಅವರ ನಿಜವಾದ ಹೆಸರು ಕಾಣುತ್ತದೆ. ಒಂದು ರೂಪಾಯಿ ಕೊಡದೆ, ಬರೀ ವಿಳಾಸ ಬರೆದು ನೋಡಿದವರಿಗೂ ಕಾಣುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮೊಬೈಲ್ ಸಂಖ್ಯೆಯ ಸಂಗತಿ. ಹಲವು ಆ್ಯಪ್‌ಗಳು ಮೊದಲ ವಿಳಾಸವನ್ನು ತಾವೇ ಮಾಡಿಕೊಡುತ್ತವೆ, ಅದರ ಎಡಭಾಗದಲ್ಲಿ ನಮ್ಮ ಹತ್ತಂಕಿಯ ಮೊಬೈಲ್ ಸಂಖ್ಯೆಯನ್ನೇ ಇಟ್ಟುಬಿಡುತ್ತವೆ. ಖಾತೆ ಸಂಖ್ಯೆ ಕೊಡಬಾರದೆಂದು ಈ ದಾರಿ ಹಿಡಿದವರು ಅದಕ್ಕಿಂತ ಸುಲಭವಾಗಿ ದುರುಪಯೋಗವಾಗುವ ಸಂಖ್ಯೆಯನ್ನು ಗೊತ್ತಿಲ್ಲದೆ ಹಂಚುತ್ತಾ ಹೋಗುತ್ತಾರೆ. ಗ್ರಾಹಕನ ಪಟ್ಟಿಯಲ್ಲಿ, ಸ್ಕ್ರೀನ್‌ಶಾಟ್‌ನಲ್ಲಿ, ಅಂಗಡಿಯ ಗೋಡೆಯ ಮೇಲಿನ ಹಾಳೆಯಲ್ಲಿ ಅದು ಉಳಿದುಬಿಡುತ್ತದೆ. ಒಬ್ಬಂಟಿಯಾಗಿ ಅಂಗಡಿ ನಡೆಸುವ ಹೆಣ್ಣುಮಕ್ಕಳಿಗೆ ರಾತ್ರಿ ಹನ್ನೊಂದಕ್ಕೆ ಬರುವ ಗೊತ್ತಿಲ್ಲದವರ ಸಂದೇಶಗಳ ಒಂದು ಮೂಲ ಇದೇ ಆಗಬಹುದು. ಆ್ಯಪ್‌ನ ಪ್ರೊಫೈಲ್ ಪುಟಕ್ಕೆ ಹೋಗಿ ಯುಪಿಐ ಐಡಿ ಎಂಬಲ್ಲಿ ನೋಡಿದರೆ ನಮ್ಮ ವಿಳಾಸ ಏನೆಂದು ತಿಳಿಯುತ್ತದೆ. ಸಾಮಾನ್ಯವಾಗಿ ಅಲ್ಲೇ ಹೊಸದೊಂದನ್ನು ಮಾಡಿಕೊಳ್ಳಲೂ, ಬೇಡವಾದುದನ್ನು ಅಳಿಸಲೂ ದಾರಿ ಇರುತ್ತದೆ. ಮೊಬೈಲ್ ಸಂಖ್ಯೆ, ಹುಟ್ಟಿದ ವರ್ಷ, ಮನೆಹೆಸರು ಇಲ್ಲದ ಒಂದು ವಿಳಾಸ ಮಾಡಿಕೊಂಡು ಹೊರಗಿನವರಿಗೆ ಅದನ್ನಷ್ಟೇ ಕೊಟ್ಟರೆ ಒಳ್ಳೆಯದು. ಅದು ಹಾಳಾದರೆ ಅಳಿಸಿ ಇನ್ನೊಂದು ಮಾಡಿಕೊಳ್ಳಬಹುದು, ಹಿಂದಿರುವ ಖಾತೆ ಕದಲುವುದಿಲ್ಲ. ಮುಂದೆ ಬ್ಯಾಂಕನ್ನೇ ಬದಲಿಸಿದರೂ ಅದೇ ವಿಳಾಸಕ್ಕೆ ಹೊಸ ಖಾತೆಯನ್ನು ಜೋಡಿಸಬಹುದು, ಗ್ರಾಹಕರಿಗೆ ಹೇಳುವ ಅಗತ್ಯವೂ ಬರುವುದಿಲ್ಲ.

ಮರೆ ಇರುವುದು ಹಣ ಕೊಡುವವರಿಂದ ಮಾತ್ರ ಎಂಬುದನ್ನು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳು 2025ರ ಜುಲೈನಲ್ಲಿ ಕಷ್ಟಪಟ್ಟು ಕಲಿತರು. ಯುಪಿಐ ಮೂಲಕ ಬಂದ ಮೊತ್ತಗಳ ವಿವರವನ್ನು ಪಾವತಿ ಸಂಸ್ಥೆಗಳಿಂದ ಪಡೆದ ವಾಣಿಜ್ಯ ತೆರಿಗೆ ಇಲಾಖೆ, ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ಮೀರಿದೆ ಎಂದು ಕಂಡವರಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಸ್ಕ್ಯಾನರ್ ತೆಗೆದು "ನಗದು ಮಾತ್ರ" ಎಂದು ಬರೆದು ಹಾಕಿದರು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕಿನ ಮಾರಾಟವೂ ಆ ಮೊತ್ತದಲ್ಲಿ ಬೆರೆತಿದೆ, ಕೈಸಾಲವೂ ಬೆರೆತಿದೆ ಎಂಬುದು ವ್ಯಾಪಾರಿಗಳ ಅಳಲಾಗಿತ್ತು. ವ್ಯಾಪಾರಕ್ಕೆ ಒಂದು, ಮನೆಗೆ ಒಂದು ಎಂದು ಎರಡು ವಿಳಾಸ ಇಟ್ಟುಕೊಂಡವರೂ ಇದ್ದಾರೆ. ಆದರೆ ಎರಡೂ ಒಂದೇ ಖಾತೆಗೆ ಹೋಗಿ ಸೇರುತ್ತಿದ್ದರೆ ಲೆಕ್ಕ ಬೇರೆಯಾಗುವುದಿಲ್ಲ. ಬ್ಯಾಂಕಿಗೆ, ನಿಗಮಕ್ಕೆ, ಕಾನೂನಿನಂತೆ ಕೇಳಿದಾಗ ಸರಕಾರಕ್ಕೆ ಪ್ರತಿಯೊಂದು ಜಮೆಯೂ ಪೂರ್ತಿ ವಿವರದೊಂದಿಗೆ ಕಾಣುತ್ತದೆ. ವ್ಯಾಪಾರದ ಹಣವನ್ನು ಬೇರೆ ಇಡಬೇಕೆಂದರೆ ಬೇರೆ ಖಾತೆಯೇ ಬೇಕು. ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದರೆ ಗ್ರಾಹಕರ ಪರದೆಯ ಮೇಲೆ ಅಂಗಡಿಯ ಹೆಸರೇ ಬರುತ್ತದೆ ಎಂಬ ಲಾಭವೂ ಉಂಟು.

ಹಣ ಪಡೆಯಲು ಪಿನ್ ಬೇಕಿಲ್ಲ. ಮೇಲಿನ 640 ರೂಪಾಯಿಯ ದಾರಿಯಲ್ಲಿ ಪಿನ್ ಒತ್ತಿದ್ದು ಒಂದೇ ಕಡೆ, ಕೊಟ್ಟವರ ಕಡೆ. ಪಡೆದವರ ಫೋನು ಆ ಹೊತ್ತಿನಲ್ಲಿ ಆಫ್ ಆಗಿದ್ದರೂ ಹಣ ಬಂದು ಬೀಳುತ್ತಿತ್ತು, ಏಕೆಂದರೆ ವಿಳಾಸವೂ ಖಾತೆಯೂ ಇರುವುದು ಬ್ಯಾಂಕುಗಳ ಕಂಪ್ಯೂಟರಿನಲ್ಲಿ. ಆದ್ದರಿಂದ "ನಿಮಗೆ ಹಣ ಹಾಕಿದ್ದೇನೆ, ಪಿನ್ ಒತ್ತಿ ತೆಗೆದುಕೊಳ್ಳಿ" ಎಂದು ಯಾರೇ ಹೇಳಲಿ, ಪಿನ್ ಕೇಳುವ ಪರದೆ ಕಂಡರೆ ಹಣ ಹೊರಹೋಗಲು ನಿಂತಿದೆ ಎಂದೇ ತಿಳಿಯಬೇಕು. ವಿಳಾಸ ಗೊತ್ತಿದ್ದವರು ಹಣ ಕೊಡಿ ಎಂಬ ಕೋರಿಕೆಯನ್ನೂ ಅದೇ ವಿಳಾಸಕ್ಕೆ ಕಳಿಸಬಹುದಿತ್ತು. ಹಳೆಯ ಸಾಮಾನು ಮಾರಲು ಜಾಹೀರಾತು ಹಾಕಿದವರನ್ನು ಈ ಕೋರಿಕೆಯಿಂದಲೇ ಬಹಳ ಮೋಸಗೊಳಿಸಿದರು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಯನ್ನು ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಅದು ತಡವಾಗಿ ಬಂದ ಒಳ್ಳೆಯ ತೀರ್ಮಾನ. ಅಂಗಡಿ, ಕಂಪನಿಗಳು ಕಳಿಸುವ ಕೋರಿಕೆ ಉಳಿದಿರುವುದರಿಂದ ಪಿನ್‌ನ ಎಚ್ಚರ ಮಾತ್ರ ಬಿಡುವಂತಿಲ್ಲ.

ಹೋಳಿಗೆಯವರು ವಿಳಾಸವನ್ನು ಬರೆದು ಕೊಡುವ ಬದಲು ಕ್ಯೂಆರ್ ಚಿತ್ರ ಕಳಿಸಿದರೂ ಅದರೊಳಗೆ ಇರುವುದು ಇದೇ ವಿಳಾಸ. ಆ ಕಪ್ಪು ಬಿಳುಪಿನ ಚೌಕಗಳನ್ನು ಓದಿದರೆ ಹೀಗೊಂದು ಸಾಲು ಸಿಗುತ್ತದೆ:

```
upi://pay?pa=shenga.holige@xyz&pn=Dharwad%20Holige&am=640&cu=INR
```

`pa` ಎಂಬುದರ ಮುಂದೆ ವಿಳಾಸ, `am` ಮುಂದೆ ಮೊತ್ತ, `pn` ಮುಂದೆ ಹೆಸರು. ಈ ಸಾಲಿನಲ್ಲೂ ಖಾತೆ ಸಂಖ್ಯೆ ಇಲ್ಲ. ಆದರೆ `pn` ಮುಂದಿನ ಹೆಸರನ್ನು ಚಿತ್ರ ಮಾಡಿದವರು ತಮಗೆ ತೋಚಿದಂತೆ ಬರೆಯಬಹುದು, ಅದಕ್ಕೆ ಬ್ಯಾಂಕಿನ ಸಾಕ್ಷಿ ಇಲ್ಲ. ಹಿಂದೆ ಕೆಲವು ಆ್ಯಪ್‌ಗಳು ಈ ಹೆಸರನ್ನೋ, ಫೋನಿನಲ್ಲಿ ನಾವು ಬರೆದಿಟ್ಟುಕೊಂಡ ಹೆಸರನ್ನೋ ತೋರಿಸುತ್ತಿದ್ದವು. ಹಣ ಕೊಡುವ ಮೊದಲು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂದು ನಿಗಮವು ನಿಯಮ ಮಾಡಿ, 2025ರ ಜೂನ್ 30ರ ಗಡುವು ಕೊಟ್ಟಿತು. ಅಂಗಡಿಯ ಸ್ಕ್ಯಾನರ್ ಮೇಲೆ ರಾತ್ರೋರಾತ್ರಿ ಬೇರೆಯವರ ಚೀಟಿ ಅಂಟಿಸಿ ಹೋಗುವ ಕಳ್ಳತನ ಸಿಕ್ಕಿಬೀಳುವುದು ಇಲ್ಲೇ. ಚೀಟಿ ಬದಲಾದರೆ ಗ್ರಾಹಕರ ಪರದೆಯ ಮೇಲಿನ ಹೆಸರೂ ಬದಲಾಗುತ್ತದೆ, ಅಂಗಡಿಯ ಸೌಂಡ್‌ಬಾಕ್ಸ್ ಸುಮ್ಮನಾಗುತ್ತದೆ. ಬೆಳಗಿನ ಮೊದಲ ಗ್ರಾಹಕರನ್ನು "ಯಾವ ಹೆಸರು ಬಂತು, ಓದಿ ಹೇಳಿ" ಎಂದು ಕೇಳುವ ವ್ಯಾಪಾರಿ ಜಾಣ.

ವಿಳಾಸದ ಬಲಭಾಗ ಬ್ಯಾಂಕಿಗೆ ಸೇರಿದ್ದು ಎಂದೆನಲ್ಲ, ಅದರಿಂದಾಗುವ ತೊಡಕು 2024ರಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಆ ವರ್ಷದ ಜನವರಿ ಕೊನೆಯಲ್ಲಿ ರಿಸರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. `@paytm` ಎಂದು ಕೊನೆಯಾಗುವ ವಿಳಾಸಗಳನ್ನು ಕಾಯುತ್ತಿದ್ದದ್ದು ಆ ಬ್ಯಾಂಕು. ಬಳಸುವವರ ಹಣ ಬೇರೆ ಬೇರೆ ಬ್ಯಾಂಕುಗಳಲ್ಲಿ ಕ್ಷೇಮವಾಗಿತ್ತು, ವಿಳಾಸಗಳಿಗೆ ಮಾತ್ರ ಹೊಸ ಬಾಗಿಲು ಬೇಕಾಯಿತು. ಮಾರ್ಚ್‌ನಲ್ಲಿ ಆ್ಯಪ್‌ಗೆ ಆಕ್ಸಿಸ್, ಎಚ್‌ಡಿಎಫ್‌ಸಿ, ಸ್ಟೇಟ್ ಬ್ಯಾಂಕ್, ಯೆಸ್ ಬ್ಯಾಂಕ್‌ಗಳ ಮೂಲಕ ಬರಲು ಅನುಮತಿ ಸಿಕ್ಕಿತು. ಆಮೇಲೆ `@ptyes`, `@ptaxis` ಎಂಬಂಥ ಹೊಸ ಬಾಲಗಳು ಬಂದವು. ಮದುವೆ ಕರೆಯೋಲೆಯಲ್ಲೋ ಸಂಘದ ರಸೀದಿ ಪುಸ್ತಕದಲ್ಲೋ ವಿಳಾಸ ಅಚ್ಚು ಹಾಕಿಸುವವರು ಅದು ಶಾಶ್ವತವಲ್ಲ ಎಂದು ತಿಳಿದಿರಬೇಕು. ಮೊಬೈಲ್ ಸಂಖ್ಯೆ ಬಿಟ್ಟುಕೊಟ್ಟವರಿಗೂ ಇದೇ ಮಾತು. ಸಂಖ್ಯೆ ಇನ್ನೊಬ್ಬರ ಪಾಲಾದ ಮೇಲೂ ಹಳೆಯ ಗಂಟು ಬಿಚ್ಚದೆ ಉಳಿದಿದ್ದರೆ ಹೊಸಬರಿಗೆಂದು ಕಳಿಸಿದ ಹಣ ಹಳಬರ ಖಾತೆಗೆ ಹೋಗಬಹುದು. ಇದನ್ನು ತಡೆಯಲೆಂದೇ ಕೈಬದಲಾದ ಸಂಖ್ಯೆಗಳ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ನೋಡಿ ತಿದ್ದಿಕೊಳ್ಳಬೇಕೆಂದು ಬ್ಯಾಂಕು, ಆ್ಯಪ್‌ಗಳಿಗೆ ನಿಗಮ ಹೇಳಿದೆ.

ಇನ್ನು ಹಣ ನಡುದಾರಿಯಲ್ಲಿ ನಿಂತಾಗಿನ ಮಾತು. ಗ್ರಾಹಕರ ಖಾತೆಯಿಂದ 640 ಕಡಿತವಾಗಿದೆ, ಹೋಳಿಗೆಯವರಿಗೆ ಬಂದಿಲ್ಲ. ಕಡಿತ ಮೊದಲು, ಜಮೆ ಆಮೇಲೆ ಎಂಬ ಕ್ರಮ ಇರುವುದರಿಂದಲೇ ಈ ಸ್ಥಿತಿ ಹುಟ್ಟುವುದು. ಇಂಥ ಗಾಬರಿಯಲ್ಲೇ "ನಿಮ್ಮ ಅಕೌಂಟ್ ನಂಬರ್ ಕಳಿಸಿ, ನಮ್ಮ ಬ್ಯಾಂಕಿನವರು ಕೇಳುತ್ತಿದ್ದಾರೆ" ಎಂದು ಗ್ರಾಹಕರು ಕೇಳುತ್ತಾರೆ, ಇಷ್ಟು ದಿನ ಮುಚ್ಚಿಟ್ಟದ್ದನ್ನು ಇವರು ಕೊಟ್ಟುಬಿಡುತ್ತಾರೆ. ಅದರ ಅಗತ್ಯ ಇಲ್ಲ. ಗ್ರಾಹಕರ ಆ್ಯಪ್‌ನಲ್ಲಿ ಆ ವ್ಯವಹಾರದ ಮೇಲೆ ಒತ್ತಿದರೆ ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆ ಸಿಗುತ್ತದೆ. ಹಣ ಎಲ್ಲಿ ನಿಂತಿದೆ ಎಂದು ಹುಡುಕಲು ಎರಡೂ ಬ್ಯಾಂಕುಗಳಿಗೆ ಅಷ್ಟು ಸಾಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ, ವ್ಯಕ್ತಿಗಳ ನಡುವಿನ ಯುಪಿಐ ವರ್ಗಾವಣೆಯಲ್ಲಿ ಕಡಿತವಾಗಿ ಜಮೆಯಾಗದ ಹಣ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕು. ತಡವಾದ ಪ್ರತಿ ದಿನಕ್ಕೂ ಬ್ಯಾಂಕು 100 ರೂಪಾಯಿ ಪರಿಹಾರ ಕೊಡಬೇಕು, ಅದನ್ನು ಪಡೆಯಲು ಗ್ರಾಹಕರು ದೂರು ಬರೆದು ಕೂರಬೇಕಾಗಿಲ್ಲ.